ಬಿಂದು ಎರಡು ಪಟ್ಟು, ಸರಿ ಅಂಕಿಗಳೂ ಎರಡು ಪಟ್ಟು

ಅವಕಲ ಸಮೀಕರಣಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವುದು ಪುಣೆಯಲ್ಲಿ ನನ್ನ ದಿನನಿತ್ಯದ ಕೆಲಸ. ಹೊಸದಾಗಿ ಸೇರುವವರು ಕಾಲೇಜಿನಿಂದ ಒಂದು ನಿಯಮವನ್ನು ಕಲಿತು ಬಂದಿರುತ್ತಾರೆ: ಬಿಂದುಗಳನ್ನು ಎರಡು ಪಟ್ಟು ಮಾಡಿದರೆ ದೋಷ ಕಾಲು ಭಾಗಕ್ಕೆ ಇಳಿಯುತ್ತದೆ. ಅಕ್ಕಪಕ್ಕದ ಬಿಂದುಗಳ ವ್ಯತ್ಯಾಸದಿಂದ ಇಳಿಜಾರನ್ನು ಅಂದಾಜು ಮಾಡುವ ಸಾಮಾನ್ಯ ವಿಧಾನಕ್ಕೆ ಅದು ಸರಿ. ಸ್ಪೆಕ್ಟ್ರಲ್ ಕೊಲೊಕೇಶನ್‌ನಲ್ಲಿ ಮಾತ್ರ ನಡೆಯುವುದೇ ಬೇರೆ. ಅದನ್ನು ತೋರಿಸಲು ನಾನು ಕೊಡುವ ಲೆಕ್ಕ ಇದು. ಕ್ಯಾಲ್ಕುಲೇಟರ್ ಇದ್ದರೆ ನೀವೂ ಮಾಡಿ ನೋಡಬಹುದು.

ಒಂದು ಸುತ್ತಿನ ಮೇಲೆ, ಅಂದರೆ x ಸೊನ್ನೆಯಿಂದ 360 ಡಿಗ್ರಿಯವರೆಗೆ ಹೋಗಿ ಮತ್ತೆ ಮೊದಲಿನಿಂದ ಶುರುವಾಗುವ ಕಡೆ, ಈ ಸಮೀಕರಣ ಇದೆ ಎನ್ನಿ:

−u″ + u = 1/(2 − cos x)

ಉತ್ತರವನ್ನು ಕೆಲವು ಸೈನ್, ಕೊಸೈನ್ ಅಲೆಗಳ ಮೊತ್ತ ಎಂದು ಹಿಡಿಯುತ್ತೇವೆ. ಸಮಾನ ದೂರದ N ಬಿಂದುಗಳಲ್ಲಿ ಸಮೀಕರಣ ಸರಿಯಾಗಿ ಕೂರಬೇಕು ಎಂದು ಷರತ್ತು ಹಾಕುತ್ತೇವೆ. ಕೊಲೊಕೇಶನ್ ಎಂದರೆ ಇಷ್ಟೇ. ಅಲೆಯ ಅವಕಲವನ್ನು ಇಲ್ಲಿ ಅಂದಾಜು ಮಾಡುವುದೇ ಇಲ್ಲ, ಅದು ನಿಖರವಾಗಿಯೇ ಗೊತ್ತು. ಹಾಗಾಗಿ ದೋಷಕ್ಕೆ ಉಳಿಯುವ ದಾರಿ ಒಂದೇ: N ಬಿಂದುಗಳು ಹಿಡಿಯಲಾಗದಷ್ಟು ವೇಗದ ಅಲೆಗಳು. ಆ ಬಿಂದುಗಳಲ್ಲಿ ನಿಂತು ನೋಡಿದರೆ ಸುತ್ತಿಗೆ N ಸಲ ಏರಿಳಿಯುವ ಕೊಸೈನ್ ಅಲೆಯೂ ನೇರ ಗೆರೆಯೂ ಒಂದೇ ಥರ ಕಾಣುತ್ತವೆ. ವೇಗದ ಅಲೆ ನಿಧಾನದ ಅಲೆಯ ವೇಷದಲ್ಲಿ ಒಳಗೆ ಬರುತ್ತದೆ.

ಈ ಸಮೀಕರಣದಲ್ಲಿ u ನ ಸರಾಸರಿಯೂ ಬಲಬದಿಯ ಸರಾಸರಿಯೂ ಒಂದೇ, ಏಕೆಂದರೆ ಇಡೀ ಸುತ್ತಿನಲ್ಲಿ u″ ನ ಸರಾಸರಿ ಸೊನ್ನೆ. ಸರಿಯಾದ ಸರಾಸರಿ 1/√3, ಅಂದರೆ 0.577350. ನಾಲ್ಕೇ ಬಿಂದು ತೆಗೆದುಕೊಂಡರೆ ಬಲಬದಿಯ ಬೆಲೆಗಳು 1, 1/2, 1/3, 1/2; ಸರಾಸರಿ 0.583333. ದೋಷ ಸುಮಾರು 0.006. ಎಂಟು ಬಿಂದುಗಳಿಗೆ ಅದು 0.00003. ಹದಿನಾರಕ್ಕೆ 0.0000000008. ಪ್ರತಿಸಲ ಬಿಂದು ಎರಡು ಪಟ್ಟಾದಾಗ ಸರಿಯಾದ ಅಂಕಿಗಳ ಸಂಖ್ಯೆಯೇ ಸುಮಾರು ಎರಡು ಪಟ್ಟಾಗುತ್ತಿದೆ. ಮೂವತ್ತೆರಡಕ್ಕೆ ಹೋದರೆ ಕಂಪ್ಯೂಟರಿನ ಹದಿನಾರು ಅಂಕಿಗಳೂ ಮುಗಿದಿರುತ್ತವೆ. ಆಮೇಲೆ ಬಿಂದು ಸೇರಿಸಿ ಪ್ರಯೋಜನವಿಲ್ಲ.

ಕಾರಣ ಅಲೆಗಳ ಪ್ರಮಾಣದಲ್ಲಿದೆ. ಒಂದು ಫಲನದಲ್ಲಿ k ನೇ ಅಲೆ ಎಷ್ಟಿದೆ ಎಂದು ಹೇಳುವ ಅನುಕಲನವನ್ನು ಭಾಗಗಳಾಗಿ ಬಿಡಿಸಿದರೆ ಪ್ರತಿಸಲವೂ ಫಲನದ ಬದಲು ಅದರ ಅವಕಲ ಬರುತ್ತದೆ, ಹೊರಗೆ ಒಂದು 1/k ಸಿಗುತ್ತದೆ. ಸುತ್ತು ಕೂಡಿಕೊಳ್ಳುವುದರಿಂದ ತುದಿಗಳಲ್ಲಿ ಏನೂ ಉಳಿಯುವುದಿಲ್ಲ. ಫಲನ ನಯವಾಗಿದ್ದರೆ, ಅಂದರೆ ಎಷ್ಟು ಸಲ ಬೇಕಾದರೂ ಅವಕಲ ತೆಗೆಯುವಂತಿದ್ದರೆ, ಇದನ್ನು ಹತ್ತು ಸಲ ಮಾಡಿ, ನೂರು ಸಲ ಮಾಡಿ, ನಿಲ್ಲಿಸುವವರಿಲ್ಲ. ಹಾಗಾಗಿ ಅಲೆಯ ಪ್ರಮಾಣ k ನ ಯಾವ ಘಾತ ಹೇಳಿದರೂ ಅದಕ್ಕಿಂತ ಬೇಗ ಕುಗ್ಗಬೇಕು, ಅದರ ಹಿಂದೆಯೇ ದೋಷವೂ. ನಮ್ಮ ಉದಾಹರಣೆಯಲ್ಲಂತೂ ಬಲಬದಿಯ ಪ್ರತಿ ಮುಂದಿನ ಅಲೆ ಹಿಂದಿನದರ 0.268 ಪಾಲು ಮಾತ್ರ. ಸರಾಸರಿಯನ್ನು ಕೆಡಿಸುವ ಮೊದಲ ಅಲೆ N ನೆಯದು. ಒಂದೊಂದು ಬಿಂದುವಿನ ಉತ್ತರವನ್ನು N/2 ರ ಆಸುಪಾಸಿನ ಅಲೆಗಳೇ ಕೆಡಿಸುತ್ತವೆ. ಅಲ್ಲಿ ದೋಷ ಇಳಿಯುವ ವೇಗ ಕಡಿಮೆ, ಆದರೆ ಇಳಿಯುವ ರೀತಿ ಅದೇ.

ನಯ ತಪ್ಪಿದರೆ ಈ ಲಾಭ ಹೋಯಿತು. ಬಲಬದಿಗೆ |sin x| ಇಡಿ. ಅದಕ್ಕೆ ಸೊನ್ನೆಯಲ್ಲೂ 180 ಡಿಗ್ರಿಯಲ್ಲೂ ಮೂಲೆ ಇದೆ. ಭಾಗಗಳಾಗಿ ಬಿಡಿಸುವ ಕೆಲಸ ಎರಡನೇ ಹೆಜ್ಜೆಗೆ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಸರಾಸರಿ 0.63662 ಬರಬೇಕು. 4, 8, 16 ಬಿಂದುಗಳಿಗೆ ದೋಷ 0.137, 0.033, 0.008. ಮತ್ತೆ ಅದೇ ಕಾಲು ಭಾಗದ ಲೆಕ್ಕ.

ನಯವಾಗಿದ್ದರೂ ಚೂಪಾಗಿದ್ದರೆ ಕಾಯಬೇಕಾಗುತ್ತದೆ. 2 ರ ಜಾಗದಲ್ಲಿ 1.01 ಹಾಕಿದರೆ 0.268 ರ ಬದಲು 0.868 ಬರುತ್ತದೆ. ಹದಿನಾರು ಬಿಂದುಗಳಲ್ಲಿ ಸರಾಸರಿ ಶೇಕಡಾ 23 ರಷ್ಟು ತಪ್ಪುತ್ತದೆ. ಒಂಬತ್ತು ಅಂಕಿ ಬೇಕೆಂದರೆ ಸುಮಾರು 150 ಬಿಂದು ಬೇಕು.

ಸರಿಯುತ್ತರ ಗೊತ್ತಿಲ್ಲದ ನಿಜವಾದ ಕೆಲಸದಲ್ಲಿ ನಾನು ಮೊದಲು ನೋಡುವುದು ಸಿಕ್ಕ ಉತ್ತರದ ಕೊನೆಯ ಕೆಲವು ಅಲೆಗಳ ಪ್ರಮಾಣವನ್ನು. ಅವು 10⁻¹⁵ ರ ಹತ್ತಿರ ಇಳಿದು ಚಪ್ಪಟೆಯಾಗಿದ್ದರೆ ಬಿಂದುಗಳು ಸಾಕು. ಇನ್ನೂ ಇಳಿಯುತ್ತಲೇ ಇದ್ದರೆ ಬಿಂದು ಸೇರಿಸಬೇಕು. ಎಷ್ಟು ಸೇರಿಸಿದರೂ ತೆವಳುತ್ತಾ ಇಳಿಯುತ್ತಿದ್ದರೆ ಸಮಸ್ಯೆಯೊಳಗೆ ಎಲ್ಲೋ ಒಂದು ಮೂಲೆ ಅಡಗಿದೆ. ಅದನ್ನು ಹುಡುಕಿ, ಅಲ್ಲಿ ಕ್ಷೇತ್ರವನ್ನು ತುಂಡು ಮಾಡಿ, ತುಂಡುಗಳನ್ನು ಬೇರೆಬೇರೆಯಾಗಿ ಬಿಡಿಸಬೇಕು. ತುಂಡುಗಳು ಸುತ್ತಾಗಿ ಕೂಡುವುದಿಲ್ಲವಾದ್ದರಿಂದ ಅಲ್ಲಿ ಅಲೆಗಳ ಬದಲು ಬಹುಪದಗಳು, ಸಮಾನ ದೂರದ ಬದಲು ತುದಿಗಳ ಕಡೆ ಒತ್ತೊತ್ತಾಗಿ ಕೂರುವ ಚೆಬಿಶೆವ್ ಬಿಂದುಗಳು.