ರಾತ್ರಿ ಒಂದು ಗಂಟೆಗೆ ಯಾರನ್ನು ಎಬ್ಬಿಸಬೇಕು?

ನರ್ಸಿಂಗ್ ಕಾಲೇಜುಗಳಲ್ಲಿ ಕೇಸ್ ಪ್ರೆಸೆಂಟೇಶನ್ ನಡೆಯುವಾಗ ವಿದ್ಯಾರ್ಥಿಗಳು ದಪ್ಪನೆಯ ಫೈಲ್ ಹಿಡಿದು ನಿಲ್ಲುತ್ತಾರೆ. ರೋಗಿಯ ವಯಸ್ಸು, ಊರು, ಹಿಂದಿನ ಕಾಯಿಲೆ, ಅಂಗರಚನೆಯ ಚಿತ್ರ, ಕಾಯಿಲೆಯ ಕಾರಣಗಳು, ಔಷಧಗಳ ಪಟ್ಟಿ, ಕೊನೆಗೆ ಆರೈಕೆಯ ಯೋಜನೆ ಎಲ್ಲವೂ ಅದರಲ್ಲಿರುತ್ತದೆ. ಅಪೆಂಡಿಕ್ಸ್ ಎಲ್ಲಿದೆ, ಎಷ್ಟು ಉದ್ದವಿದೆ ಎನ್ನುವುದಕ್ಕೇ ಎರಡು ಪುಟ. ಆ ರೋಗಿಯ ರಾತ್ರಿ ಹೇಗೆ ಕಳೆಯಿತು ಎನ್ನುವುದಕ್ಕೆ ಎರಡು ಸಾಲು. ಒಳ್ಳೆಯ ಪರೀಕ್ಷಕಿ ಫೈಲನ್ನು ಮುಚ್ಚಿಸಿ ಮೂರೇ ಪ್ರಶ್ನೆ ಕೇಳುತ್ತಾರೆ. ನೀನು ಏನು ನೋಡಿದೆ? ಯಾರ ಬಳಿಗೆ ಮೊದಲು ಹೋದೆ? ಯಾವಾಗ, ಯಾರನ್ನು ಕರೆದೆ? ಈ ಮೂರಕ್ಕೂ ಪುಸ್ತಕದಲ್ಲಿ ಸಿದ್ಧ ಉತ್ತರವಿಲ್ಲ.

ಪಾಠಕ್ಕೆಂದೇ ಜೋಡಿಸಿದ ಒಂದು ಪ್ರಕರಣವನ್ನು ತೆಗೆದುಕೊಳ್ಳೋಣ. ಹೆಂಗಸಿಗೆ 58 ವರ್ಷ, ತೂಕ 60 ಕಿಲೋ. ಸಕ್ಕರೆ ಕಾಯಿಲೆ ಇದೆ, ಬಿಪಿ ಇದೆ. ಅಪೆಂಡಿಕ್ಸ್ ಒಡೆದು ತುರ್ತು ಶಸ್ತ್ರಚಿಕಿತ್ಸೆ ಆಗಿದೆ. ಇದು ಎರಡನೆಯ ರಾತ್ರಿ. ಮೆಡಿಕಲ್ ಕಾಲೇಜು ಆಸ್ಪತ್ರೆಯ ಸರ್ಜರಿ ವಾರ್ಡಿನ 9ನೇ ಬೆಡ್, ಪಕ್ಕದಲ್ಲಿ ಮಗಳು. ರಾತ್ರಿ 8 ಗಂಟೆಗೆ ಡ್ಯೂಟಿ ಬದಲಾದಾಗ ಉಸಿರು ನಿಮಿಷಕ್ಕೆ 18, ನಾಡಿ 86, ಮೇಲಿನ ಬಿಪಿ 138, ರಕ್ತದ ಆಮ್ಲಜನಕ 97, ಜ್ವರವಿಲ್ಲ. "ನೋವು ಪರವಾಗಿಲ್ಲ ಸಿಸ್ಟರ್" ಎಂದು ಆಕೆ ಮಾತಾಡಿದ್ದಾರೆ.

ಹನ್ನೆರಡಕ್ಕೆ ಮತ್ತೆ ನೋಡಿದಾಗ ಉಸಿರು 22, ನಾಡಿ 104, ಬಿಪಿ 112, ಆಮ್ಲಜನಕ 95, ಮೈ ಬಿಸಿ 37.9 ಡಿಗ್ರಿ ಸೆಲ್ಸಿಯಸ್. ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಯಾವುದೂ ಗಾಬರಿ ಹುಟ್ಟಿಸುವಂತಿಲ್ಲ. ಆದ್ದರಿಂದಲೇ ಇಂಥ ಗಳಿಗೆಗಳು ಕೈತಪ್ಪುವುದು.

ಇಲ್ಲಿ ನೆರವಿಗೆ ಬರುವುದು ಅಂಕ ಹಾಕುವ ಒಂದು ಪದ್ಧತಿ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ರೂಪಿಸಿ, 2017ರಲ್ಲಿ ತಿದ್ದಿದ ಇದನ್ನು ನ್ಯೂಸ್-2 ಎನ್ನುತ್ತಾರೆ. ಉಸಿರು, ಆಮ್ಲಜನಕ, ಬಿಪಿ, ನಾಡಿ, ಎಚ್ಚರ, ಮೈ ಬಿಸಿ ಇವುಗಳಿಗೆ ಸಹಜ ಮಟ್ಟದಿಂದ ದೂರ ಸರಿದಷ್ಟೂ ಸೊನ್ನೆಯಿಂದ ಮೂರರವರೆಗೆ ಅಂಕ. ಆಮ್ಲಜನಕವನ್ನು ಹೊರಗಿನಿಂದ ಕೊಡುತ್ತಿದ್ದರೆ ಇನ್ನೂ ಎರಡು. ಒಟ್ಟು 5 ಆದರೆ ವೈದ್ಯರು ತುರ್ತಾಗಿ ಬಂದು ನೋಡಬೇಕು, 7 ಮುಟ್ಟಿದರೆ ಅದು ಎಮರ್ಜೆನ್ಸಿ. ಒಂದೇ ಅಂಶಕ್ಕೆ ಮೂರು ಅಂಕ ಬಿದ್ದರೂ ಸುಮ್ಮನಿರುವಂತಿಲ್ಲ. ಹದಿನಾರು ವರ್ಷದೊಳಗಿನವರಿಗೆ, ಗರ್ಭಿಣಿಯರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ನಮ್ಮ ರೋಗಿಗೆ ಎಂಟು ಗಂಟೆಗೆ ಸೊನ್ನೆ ಇತ್ತು, ಹನ್ನೆರಡಕ್ಕೆ ನಾಲ್ಕಾಯಿತು. ಪಟ್ಟಿಯ ಪ್ರಕಾರ ನಾಲ್ಕು ಅಂಕದವರನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ನೋಡಿದರೆ ಸಾಕು. ಪರೀಕ್ಷಕಿ ಇಲ್ಲೇ ತಡೆಯುತ್ತಾರೆ: "ಹಾಗಾದರೆ ಮುಂದಿನ ಸಲ ಬೆಳಗಿನ ಜಾವಕ್ಕೆ ನೋಡುತ್ತೀಯೇನಮ್ಮ?"

ಇಲ್ಲ ಎನ್ನುವುದಕ್ಕೆ ಕಾರಣಗಳಿವೆ. ಬಿಪಿ 112ಕ್ಕೆ ಪಟ್ಟಿಯಲ್ಲಿ ಸೊನ್ನೆ ಅಂಕ. ಆದರೆ ಈಕೆಗೆ ದಿನವೂ 140ರ ಆಸುಪಾಸು ಇರುವಂಥದ್ದು, ನಾಲ್ಕು ಗಂಟೆಯಲ್ಲಿ 26ರಷ್ಟು ಇಳಿದಿದೆ. ಪಟ್ಟಿಗೆ ಆಕೆಯ ನಿನ್ನೆ ಗೊತ್ತಿಲ್ಲ, ಸಿಸ್ಟರ್‌ಗೆ ಗೊತ್ತು. ಜ್ವರವೂ ಹಾಗೆಯೇ. ಹತ್ತು ಗಂಟೆಗೆ ನೋವಿಗೆಂದು ಪ್ಯಾರಾಸಿಟಮಾಲ್ ಕೊಟ್ಟಿದ್ದಾರೆ, ಅದು ಮೈ ಬಿಸಿಯನ್ನೂ ತಗ್ಗಿಸಿರುತ್ತದೆ. ಇನ್ನು ಪಟ್ಟಿಯಲ್ಲಿ ಜಾಗವೇ ಇಲ್ಲದ ಒಂದು ಲೆಕ್ಕ ಹಾಸಿಗೆಯ ಕೆಳಗೆ ನೇತಾಡುವ ಯೂರಿನ್ ಬ್ಯಾಗಿನಲ್ಲಿದೆ. ಗಂಟೆಗೆ ಕಿಲೋ ತೂಕಕ್ಕೆ ಅರ್ಧ ಎಂ.ಎಲ್. ಆದರೂ ಮೂತ್ರ ಇಳಿಯಬೇಕು, ಅಂದರೆ ಈಕೆಗೆ 30. ನಾಲ್ಕು ಗಂಟೆಯಲ್ಲಿ 120 ಇರಬೇಕಾದ ಕಡೆ ಬ್ಯಾಗಿನಲ್ಲಿರುವುದು 90. ಮೂತ್ರಪಿಂಡಕ್ಕೆ ಹೋಗುವ ರಕ್ತ ಕಡಿಮೆಯಾಗುತ್ತಿರಬಹುದು ಎಂಬ ಸುಳಿವು ಅದು. ಆದ್ದರಿಂದ ಸಿಸ್ಟರ್ ನಾಲ್ಕು ಗಂಟೆ ಕಾಯುವುದಿಲ್ಲ, ಒಂದು ಗಂಟೆಗೇ ಮತ್ತೆ ನೋಡುವುದೆಂದು ಬರೆದಿಡುತ್ತಾರೆ.

ಈ ಅಂಕಿಗಳಲ್ಲಿ ಅತ್ಯಂತ ಮೊದಲು ಮಾತಾಡುವುದು ಉಸಿರು, ಅತ್ಯಂತ ಅಸಡ್ಡೆಗೆ ಒಳಗಾಗುವುದೂ ಅದೇ. ಬಿಪಿಗೆ ಯಂತ್ರವಿದೆ, ಆಮ್ಲಜನಕಕ್ಕೆ ಬೆರಳಿಗೆ ಸಿಕ್ಕಿಸುವ ಕ್ಲಿಪ್ ಇದೆ. ಉಸಿರನ್ನು ಮಾತ್ರ ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಬೇಕು. ವಾರ್ಡಿನ ಚಾರ್ಟಿನಲ್ಲಿ ಎಲ್ಲ ರೋಗಿಗಳಿಗೂ ಎಲ್ಲ ಹೊತ್ತಿನಲ್ಲೂ 20 ಎಂದೇ ಬರೆದಿದ್ದರೆ ಯಾರೂ ಎಣಿಸಿಲ್ಲ ಎಂದು ತಿಳಿಯಬೇಕು. ಸೋಂಕಿಗೆ ದೇಹವೇ ಅತಿಯಾಗಿ ಪ್ರತಿಕ್ರಿಯಿಸಿ ಅಂಗಾಂಗಗಳು ಸೋಲುವ ಸ್ಥಿತಿಗೆ ಸೆಪ್ಸಿಸ್ ಎನ್ನುತ್ತಾರೆ. ಊರ ಮಾತಿನಲ್ಲಿ ನಂಜು ಏರುವುದು. ಆಗ ಜೀವಕೋಶಗಳಲ್ಲಿ ಆಮ್ಲ ಕೂಡಿಕೊಳ್ಳುತ್ತದೆ. ಅದನ್ನು ಸರಿದೂಗಿಸಲು ದೇಹ ಇಂಗಾಲದ ಡೈಆಕ್ಸೈಡನ್ನು ಹೆಚ್ಚು ಹೊರಹಾಕಬೇಕು, ಅಂದರೆ ಬೇಗ ಬೇಗ ಉಸಿರಾಡಬೇಕು. ಬಿಪಿ ಕುಸಿಯುವ ಎಷ್ಟೋ ಹೊತ್ತಿನ ಮುಂಚೆ ಉಸಿರು ಏರುವುದು ಇದಕ್ಕೇ.

ಈಗ ಒಂದು ಗಂಟೆ. ಒಂದೇ ಸಲಕ್ಕೆ ನಾಲ್ಕು ಕಡೆಯಿಂದ ಕರೆ. 4ನೇ ಬೆಡ್‌ನಲ್ಲಿ ಡ್ರಿಪ್ ಖಾಲಿಯಾಗಿದೆ. 7ನೇ ಬೆಡ್‌ನಲ್ಲಿ ಸಂಜೆ ಹರ್ನಿಯಾ ಆಪರೇಶನ್ ಆದ ಯುವಕ ನೋವಿಗೆ ಕೂಗುತ್ತಿದ್ದಾನೆ. 12ನೇ ಬೆಡ್‌ನವರಿಗೆ ಬೆಳಿಗ್ಗೆಯ ಸ್ಕ್ಯಾನ್‌ಗೆ ಚೀಟಿ ಬೇಕು. 9ನೇ ಬೆಡ್‌ನ ಮಗಳು ಬಾಗಿಲ ಬಳಿ ನಿಂತು ಮೆಲ್ಲಗೆ, "ಸಿಸ್ಟರ್, ಅಮ್ಮ ಯಾಕೋ ಮಂಕಾಗಿದ್ದಾರೆ, ಒಂದು ಸಲ ನೋಡ್ತೀರಾ" ಎನ್ನುತ್ತಿದ್ದಾಳೆ.

ಯಾರ ಬಳಿ ಮೊದಲು? ದನಿ ಜೋರಿದ್ದ ಕಡೆಗೆ ಕಾಲು ತಾನಾಗಿ ಹೋಗುತ್ತದೆ. ಆದರೆ ಕೂಗುವವನ ಉಸಿರುದಾರಿ ತೆರೆದೇ ಇದೆ ಎನ್ನುವುದಕ್ಕೆ ಅವನ ಕೂಗೇ ಸಾಕ್ಷಿ. ಅವನ ನೋವು ನಿಜ, ಅದನ್ನು ಅಲಕ್ಷಿಸುವಂತಿಲ್ಲ, ಹತ್ತು ನಿಮಿಷ ತಡವಾದರೆ ಪ್ರಾಣಕ್ಕೇನೂ ಆಗದು. ವಾರ್ಡಿನಲ್ಲಿ ಕಲಿಸುವ ಕ್ರಮ ಇಷ್ಟೇ: ಮೊದಲು ಉಸಿರುದಾರಿ, ಆಮೇಲೆ ಉಸಿರಾಟ, ಆಮೇಲೆ ರಕ್ತಸಂಚಾರ, ಆಮೇಲೆ ಎಚ್ಚರ, ಕೊನೆಗೆ ಹೊದಿಕೆ ಸರಿಸಿ ಇಡೀ ಮೈ. ಈ ಕ್ರಮದಲ್ಲಿ ಅಳೆದರೆ 9ನೇ ಬೆಡ್ ಮೊದಲು. ಹೋಗುವ ದಾರಿಯಲ್ಲೇ ಜೊತೆಯ ಸಿಸ್ಟರ್‌ಗೆ, "7ನೇ ಬೆಡ್‌ಗೆ ಬರೆದಿರೋ ನೋವಿನ ಇಂಜೆಕ್ಷನ್ ಕೊಡಿ, 4ರ ಡ್ರಿಪ್ ನೋಡಿ" ಎನ್ನಬೇಕು. ಸ್ಕ್ಯಾನ್ ಚೀಟಿ ಆರು ಗಂಟೆಗೆ ಸಿಕ್ಕರೂ ನಡೆಯುತ್ತದೆ.

ಹಾಸಿಗೆಯ ಬಳಿ ಉಸಿರು 24, ಆಮ್ಲಜನಕ 94, ಬಿಪಿ 108, ನಾಡಿ 108, ಜ್ವರ 38.2. ಹೆಸರು ಕೇಳಿದರೆ ತಡವಾಗಿಯಾದರೂ ಸರಿಯಾಗಿ ಹೇಳುತ್ತಾರೆ. ಅಂಕ ಆರು. ಸಕ್ಕರೆ ಕಾಯಿಲೆ ಇರುವವರು ಮಂಕಾದರೆ ಬೆರಳಿಗೆ ಚುಚ್ಚಿ ಸಕ್ಕರೆ ನೋಡದೆ ಮುಂದೆ ಹೋಗಬಾರದು. ಇವರಿಗೆ 212 ಇದೆ, ಮಂಕಿಗೆ ಸಕ್ಕರೆ ಇಳಿದದ್ದು ಕಾರಣವಲ್ಲ. ಬ್ಯಾಂಡೇಜ್, ಡ್ರೇನ್ ನೋಡಿದರೆ ರಕ್ತವಿಲ್ಲ. ಹೊಟ್ಟೆ ಬಿಗಿಯಾಗಿದೆ. "ಇದು ಸೆಪ್ಸಿಸ್ಸೇ ಎಂದು ಹೇಗೆ ಹೇಳುತ್ತೀಯ? ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿರಬಾರದೇಕೆ?" ಎಂದು ಪರೀಕ್ಷಕಿ ಕೆಣಕುತ್ತಾರೆ. ಇರಬಹುದು. ಆದರೆ ರೋಗದ ಹೆಸರು ಖಚಿತವಾಗುವವರೆಗೆ ಕಾಯುವುದು ಸಿಸ್ಟರ್‌ನ ಕೆಲಸವಲ್ಲ. ರೋಗಿ ಇಳಿಮುಖವಾಗಿದ್ದಾರೆ ಎನ್ನುವುದೇ ಕರೆಯಲು ಸಾಕಷ್ಟು ಕಾರಣ.

ಹೇಗೆ ಕರೆಯುತ್ತೀರಿ ಎನ್ನುವುದರ ಮೇಲೆ ಬರುವ ಉತ್ತರ ನಿಂತಿದೆ. "ಸರ್, 9ನೇ ಬೆಡ್ ಪೇಷಂಟ್ ಸ್ವಲ್ಪ ಡಲ್ ಇದಾರೆ" ಎಂದರೆ, ನಿದ್ದೆಗಣ್ಣಿನ ಪಿಜಿ ಡಾಕ್ಟರ್ "ಸರಿ, ಅಬ್ಸರ್ವ್ ಮಾಡಿ" ಎಂದು ಫೋನ್ ಇಡುತ್ತಾರೆ. ಅವರನ್ನೂ ಬೈಯುವಂತಿಲ್ಲ, ಆ ಮಾತಿನಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಲ್ಲಿ ಬಳಕೆಯಲ್ಲಿದ್ದು ಆಮೇಲೆ ಆಸ್ಪತ್ರೆಗಳಿಗೆ ಬಂದ ಎಸ್‌ಬಿಎಆರ್ ಎಂಬ ಕ್ರಮದಲ್ಲಿ ನಾಲ್ಕು ಮಾತು: ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತಿದೆ, ನಿಮ್ಮಿಂದ ಏನು ಬೇಕು. ಅದರಂತೆ ಕರೆ ಹೀಗಿರುತ್ತದೆ:

"ಸರ್, ಸರ್ಜರಿ ವಾರ್ಡಿಂದ ಸ್ಟಾಫ್ ನರ್ಸ್. 9ನೇ ಬೆಡ್, ಸ್ಕೋರ್ ಎಂಟು ಗಂಟೆಗೆ ಸೊನ್ನೆ ಇತ್ತು, ಈಗ ಆರು. ಉಸಿರು 24, ಬಿಪಿ 138 ಇದ್ದದ್ದು 108. ಅಪೆಂಡಿಕ್ಸ್ ಪರ್ಫೊರೇಶನ್, ಎರಡನೇ ದಿನ, ಡಯಾಬಿಟಿಕ್. ಹನ್ನೆರಡರವರೆಗೆ ಯೂರಿನ್ ಬರೀ 90. ಹೊಟ್ಟೆ ಬಿಗಿಯಾಗಿದೆ. ಸೆಪ್ಸಿಸ್ ಇರಬಹುದು ಅಂತ ಅನ್ನಿಸ್ತಿದೆ. ನೀವು ಅರ್ಧ ಗಂಟೆಯೊಳಗೆ ಬಂದು ನೋಡ್ಬೇಕು. ಅಷ್ಟರಲ್ಲಿ ಆಕ್ಸಿಜನ್ ಹಾಕಿ, ಕಲ್ಚರ್‌ಗೆ ಬ್ಲಡ್ ತೆಗೆದಿಡ್ಲಾ?"

ಕೊನೆಯ ಎರಡು ವಾಕ್ಯಗಳನ್ನು ಹೇಳಲು ನಮ್ಮಲ್ಲಿ ಅನೇಕರಿಗೆ ನಾಲಿಗೆ ಏಳುವುದಿಲ್ಲ. ಡಾಕ್ಟರಿಗೆ ಹೊತ್ತು ಗೊತ್ತುಮಾಡಲು ನಾನ್ಯಾರು ಎಂಬ ಅಳುಕು. ಹೊತ್ತು ಹೇಳದೆ ಹೋದರೆ ಕರೆ ಬರೀ ಸುದ್ದಿಯಾಗಿ ಉಳಿಯುತ್ತದೆ. ಕೇಸ್ ಶೀಟಿನಲ್ಲಿ ಸಿಗುವ "ವೈದ್ಯರಿಗೆ ತಿಳಿಸಲಾಯಿತು" ಎಂಬ ಸಾಲು ಅಂಥದ್ದು. ಯಾರಿಗೆ, ಎಷ್ಟು ಹೊತ್ತಿಗೆ, ಅವರು ಏನು ಹೇಳಿದರು, ಆಮೇಲೆ ಏನಾಯಿತು ಎಂಬ ನಾಲ್ಕೂ ಅದರಲ್ಲಿಲ್ಲ.

ಡಾಕ್ಟರ್ ಕ್ಯಾಷುವಾಲಿಟಿಯಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ, "ಎರಡಕ್ಕೂ ಹೂಂ, ಬರ್ತೀನಿ" ಎಂದಿದ್ದಾರೆ. 1.40 ಆಯಿತು, ಬಂದಿಲ್ಲ. ಮಾಸ್ಕ್ ಹಾಕಿದ ಮೇಲೆ ಆಮ್ಲಜನಕ 96ಕ್ಕೆ ಏರಿದೆ. ಮಾನಿಟರ್ ನೋಡಿದ ಮಗಳಿಗೆ ಸಮಾಧಾನ. ಆದರೆ ಉಸಿರು 26, ನಾಡಿ 118, ಬಿಪಿ 98, ಮೈ ಬಿಸಿ ಮೊದಲಿನಷ್ಟೇ. "ಇದು ಯಾವ ಊರು?" ಎಂದು ಕೇಳುತ್ತಿದ್ದಾರೆ. ಹೊಸದಾಗಿ ಬಂದ ಗೊಂದಲಕ್ಕೇ ಮೂರು ಅಂಕ, ಮಾಸ್ಕಿಗೆ ಎರಡು, ಎಲ್ಲ ಸೇರಿ ಹದಿಮೂರು. ಮಾಸ್ಕ್ ಒಂದು ಅಂಕಿಯನ್ನು ಚಂದ ಮಾಡಿದೆ, ರೋಗಿಯನ್ನಲ್ಲ.

ಈಗ ಅದೇ ನಂಬರಿಗೆ ಮತ್ತೆ ಮತ್ತೆ ಫೋನ್ ಮಾಡುತ್ತ ಕೂರುವುದು ತಪ್ಪು. ಒಂದು ಮೆಟ್ಟಿಲು ಮೇಲೆ, ಸೀನಿಯರ್ ರೆಸಿಡೆಂಟ್‌ಗೆ ಹೋಗಬೇಕು, ಅವರೂ ಸಿಗದಿದ್ದರೆ ಯೂನಿಟ್ ಚೀಫ್‌ಗೆ. ಐಸಿಯುಗೂ ಹೇಳಬೇಕು, ನೈಟ್ ಸೂಪರ್‌ವೈಸರ್‌ಗೂ ಹೇಳಬೇಕು. ಇದು ಯಾರ ಮೇಲಿನ ದೂರೂ ಅಲ್ಲ. ಗಡಿಬಿಡಿ ಏಕೆಂದರೆ, ಸೆಪ್ಸಿಸ್‌ನಿಂದ ರಕ್ತದೊತ್ತಡ ಕುಸಿಯುತ್ತಿರುವಾಗ ಗುರುತಿಸಿದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ರಕ್ತಕ್ಕೆ ಇಳಿಯಬೇಕೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ಕಲ್ಚರ್‌ನ ರಕ್ತವನ್ನು ಅದಕ್ಕೆ ಮೊದಲೇ ತೆಗೆಯಬೇಕು, ಆದರೆ ಅದರ ನೆಪದಲ್ಲಿ ಔಷಧ ತಡವಾಗಬಾರದು. ಮೊದಲ ಮೂರು ಗಂಟೆಯಲ್ಲಿ ಕಿಲೋಗೆ 30 ಎಂ.ಎಲ್. ದ್ರವ, ಅಂದರೆ ಈಕೆಗೆ ಸುಮಾರು 1800. ಇವುಗಳಿಗೆ ಡಾಕ್ಟರ ಆದೇಶ ಬೇಕು. ಆದೇಶ ಬರುವಷ್ಟರಲ್ಲಿ ಎರಡನೇ ಸೂಜಿ ಹಾಕಿ, ಬಾಟಲಿ ತೂಗುಹಾಕಿ, ಔಷಧದ ಅಲರ್ಜಿ ಇದೆಯೇ ಎಂದು ಮಗಳನ್ನು ಕೇಳಿಟ್ಟುಕೊಂಡರೆ ಹದಿನೈದು ನಿಮಿಷ ಉಳಿಯುತ್ತದೆ. ಔಷಧ ಹೋದ ಮೇಲೂ ಹೊಟ್ಟೆಯೊಳಗೆ ಕೀವು ನಿಂತಿದ್ದರೆ ಅದನ್ನು ಹೊರತೆಗೆಯದೆ ಗುಣವಾಗದು, ಹಾಗಾಗಿ ಸರ್ಜನ್ ಬರಲೇಬೇಕು.

ಪರೀಕ್ಷಕಿಯ ಪ್ರಶ್ನೆಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಮಗಳ ಮಾತು. ಇಂಗ್ಲೆಂಡಿನಲ್ಲಿ ಮಾರ್ಥಾ ಮಿಲ್ಸ್ ಎಂಬ ಹದಿಮೂರು ವರ್ಷದ ಹುಡುಗಿ 2021ರಲ್ಲಿ ಸೆಪ್ಸಿಸ್‌ನಿಂದ ಆಸ್ಪತ್ರೆಯಲ್ಲೇ ತೀರಿಕೊಂಡಳು. ಬೇಗ ಐಸಿಯುಗೆ ಸಾಗಿಸಿದ್ದರೆ ಬಹುಶಃ ಬದುಕುತ್ತಿದ್ದಳು ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ತಂದೆತಾಯಿ ತಮ್ಮ ಆತಂಕವನ್ನು ಮತ್ತೆ ಮತ್ತೆ ಹೇಳಿಕೊಂಡಿದ್ದರು. ಆಮೇಲೆ 2024ರಿಂದ ಅಲ್ಲಿನ ಆಸ್ಪತ್ರೆಗಳಲ್ಲಿ ಮಾರ್ಥಾಸ್ ರೂಲ್ ಜಾರಿಗೆ ಬರತೊಡಗಿತು. ರೋಗಿಯ ಸ್ಥಿತಿ ಕೆಡುತ್ತಿದೆ ಎನ್ನಿಸಿದರೆ ಮನೆಯವರೇ ಬೇರೊಂದು ತಂಡವನ್ನು ನೇರವಾಗಿ ಕರೆಸಬಹುದು.

ಅಂಥ ವ್ಯವಸ್ಥೆ ಇಲ್ಲದ ವಾರ್ಡಿನಲ್ಲಿ ಪಕ್ಕದಲ್ಲಿ ಕೂತವರ ಬಳಿ ಇರುವುದು ಮಾತೊಂದೇ. "ಅಮ್ಮ ಮಂಕಾಗಿದ್ದಾರೆ" ಎನ್ನುವುದಕ್ಕಿಂತ, "ಹತ್ತು ಗಂಟೆಗೆ ಮೊಮ್ಮಗನ ಬಗ್ಗೆ ಕೇಳಿದ್ರು, ಈಗ ನನ್ನ ಗುರುತೇ ಹತ್ತುತ್ತಿಲ್ಲ, ಉಸಿರು ಬೇಗ ಬೇಗ ಆಡ್ತಿದಾರೆ" ಎಂದರೆ ಅದನ್ನು ಸಿಸ್ಟರ್ ಹಾಗೇ ಎತ್ತಿ ಫೋನಿನಲ್ಲಿ ಹೇಳಬಹುದು.