ಎರಡು ವರ್ಷದ ಲೆಕ್ಕದ ಗುಟ್ಟು

ಮಾರ್ಜಿನಲ್ ಕಾಸ್ಟಿಂಗ್‌ನ ಹಳೆಯ ಪ್ರಶ್ನೆಗಳನ್ನು ಇಸವಿ ನೋಡಿ ಜೋಡಿಸುವುದಕ್ಕಿಂತ, ಪ್ರಶ್ನೆಯಲ್ಲಿ ಏನು ಕೊಟ್ಟಿದ್ದಾರೆ ಎಂದು ನೋಡಿ ವಿಂಗಡಿಸುವುದು ಒಳ್ಳೆಯದು. ಎರಡು ವರ್ಷಗಳ ಮಾರಾಟ ಮತ್ತು ಲಾಭವನ್ನಷ್ಟೇ ಕೊಡುವ ಲೆಕ್ಕಗಳದ್ದೇ ಒಂದು ಗುಂಪು.

ಮಾರಾಟ ₹1,00,000ದಿಂದ ₹1,20,000ಕ್ಕೆ, ಲಾಭ ₹10,000ದಿಂದ ₹18,000ಕ್ಕೆ ಏರಿದೆ ಎನ್ನೋಣ. ಮೊದಲು ಸೂತ್ರ ಬರೆಯಿರಿ. ಆಮೇಲೆ ಲಾಭದ ವ್ಯತ್ಯಾಸ 8,000ವನ್ನು ಮಾರಾಟದ ವ್ಯತ್ಯಾಸ 20,000ದಿಂದ ಭಾಗಿಸಿದರೆ ಪಿ/ವಿ ಅನುಪಾತ ಶೇ 40. ಅಂದರೆ ಮೊದಲ ವರ್ಷದ ಕಾಂಟ್ರಿಬ್ಯೂಷನ್ ₹40,000. ಅದರಲ್ಲಿ ಲಾಭ ಕಳೆದರೆ ಉಳಿಯುವ ₹30,000 ಸ್ಥಿರ ವೆಚ್ಚ. ಅದನ್ನು ಶೇ 40ರಿಂದ ಭಾಗಿಸಿದರೆ ಬ್ರೇಕ್ ಈವನ್ ಮಾರಾಟ ₹75,000.

ಮೊದಲ ವರ್ಷ ನಷ್ಟವಿದ್ದರೆ ಹಲವರು ಎಡವುತ್ತಾರೆ. ಆಗ ನಷ್ಟವನ್ನು ಎರಡನೇ ವರ್ಷದ ಲಾಭಕ್ಕೆ ಕೂಡಿಸಬೇಕು, ಕಳೆಯಬಾರದು. ಸ್ಥಿರ ವೆಚ್ಚವನ್ನು ಎರಡನೇ ವರ್ಷದ ಅಂಕಿಗಳಿಂದಲೂ ತೆಗೆದು ನೋಡಿ: 48,000ದಲ್ಲಿ 18,000 ಕಳೆದರೂ ಅದೇ 30,000 ಬರಬೇಕು.