‘ಅಡಿಗೆ ಎಷ್ಟು?’ ಎಂದು ಕೇಳಿದರೆ ಸಾಲದು

ಕೋಲಾರದ ಕಡೆ ಬೋರ್ ಕೊರೆಸಲು ಹೊರಟವರು ಏಜೆಂಟರ ಬಳಿ ಮೊದಲು ಕೇಳುವುದು ‘ಅಡಿಗೆ ಎಷ್ಟು?’ ಎಂದು. ಆತ ಒಂದು ಸಂಖ್ಯೆ ಹೇಳುತ್ತಾನೆ, ಮಾತು ಅಲ್ಲಿಗೆ ಮುಗಿಯುತ್ತದೆ. ಬಿಲ್ಲು ಕೈಗೆ ಬಂದಾಗ ಅದರಲ್ಲಿ ಕೇಸಿಂಗ್ ಪೈಪು, ವೆಲ್ಡಿಂಗ್, ಫ್ಲಶಿಂಗ್, ಲಾರಿ ಬಾಡಿಗೆ, ಹುಡುಗರ ಬಾಟಾ ಎಲ್ಲವೂ ಸಾಲಾಗಿ ನಿಂತಿರುತ್ತವೆ. ಇದನ್ನೆಲ್ಲ ಮೋಸ ಎನ್ನಲಾಗದು. ನಾವು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ, ಅಷ್ಟೆ.

ಮನೆ ಕಟ್ಟಿಸುವಾಗ ನಕ್ಷೆ ನೋಡಿ ‘ಒಟ್ಟು ಇಷ್ಟು’ ಎಂದು ದರ ಕೇಳಬಹುದು. ಬೋರಿಗೆ ಹಾಗೆ ಕೇಳುವಂತಿಲ್ಲ. ನಮ್ಮ ಬಯಲುಸೀಮೆಯ ಗಟ್ಟಿ ಬಂಡೆಯಲ್ಲಿ ನೀರಿರುವುದು ಬಿರುಕುಗಳಲ್ಲಿ. ಬಿರುಕು ಎಷ್ಟು ಆಳದಲ್ಲಿ ಸಿಗುತ್ತದೆ, ಸಿಗುತ್ತದೋ ಇಲ್ಲವೋ ಎಂಬುದು ಪಾಯಿಂಟ್ ನೋಡಿದವರಿಗೂ ಖಚಿತವಾಗಿ ತಿಳಿಯದು. ಆದ್ದರಿಂದ ಕೊಟೇಶನ್ನಿನಲ್ಲಿ ಒಟ್ಟು ಮೊತ್ತ ಕೇಳದೆ, ಪ್ರತಿಯೊಂದು ಬಾಬ್ತಿಗೆ ಬಿಡಿ ದರ ಕೇಳಬೇಕು. ಬಂದ ದರಗಳನ್ನು ಮೂರು ಬೇರೆ ಬೇರೆ ಆಳಕ್ಕೆ ಲೆಕ್ಕ ಹಾಕಿ ಹೋಲಿಸುವ ಕೆಲಸ ನಮ್ಮದು.

ಒಂದು ಬಡಾವಣೆಯ ಇಪ್ಪತ್ತು ಮನೆಗಳವರು ಸೇರಿ ಬೋರ್ ಕೊರೆಸುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಇಬ್ಬರಿಂದ ದರ ಬಂದಿದೆ. ಈ ದರಗಳು ಲೆಕ್ಕ ತಿಳಿಯಲೆಂದು ಹಿಡಿದವು, ಪೇಟೆಯ ದರವಲ್ಲ. ಮೊದಲನೆಯವರದು ಏರುದರ: 300 ಅಡಿಯವರೆಗೆ ಅಡಿಗೆ 90 ರೂಪಾಯಿ, ಅಲ್ಲಿಂದ ಮುಂದೆ ಪ್ರತಿ ನೂರಡಿಗೆ 100, 110, 130, 150, 180, 210, 250 ಹೀಗೆ ಏರುತ್ತದೆ. ಎರಡನೆಯವರದು ಎಷ್ಟೇ ಆಳಕ್ಕೆ ಹೋದರೂ 115 ರೂಪಾಯಿ. 400 ಅಡಿಗೆ ನೀರು ಸಿಕ್ಕರೆ ಮೊದಲನೆಯವರಿಗೆ 37,000, ಎರಡನೆಯವರಿಗೆ 46,000. 700 ಅಡಿಗೆ 76,000 ಮತ್ತು 80,500, ಹೆಚ್ಚು ವ್ಯತ್ಯಾಸವಿಲ್ಲ. ಸಾವಿರ ಅಡಿ ಮುಟ್ಟಿದರೆ ಲೆಕ್ಕ ತಿರುಗುತ್ತದೆ: ಮೊದಲನೆಯವರಿಗೆ 1,40,000, ಎರಡನೆಯವರಿಗೆ 1,15,000. ಯಾರು ಅಗ್ಗ ಎಂಬುದಕ್ಕೆ ಉತ್ತರ ಅಕ್ಕಪಕ್ಕದ ಬೋರುಗಳ ಆಳದಲ್ಲಿದೆ. ಕೊಟೇಶನ್ ಕೇಳುವ ಮುನ್ನ ಆಸುಪಾಸಿನ ನಾಲ್ಕಾರು ಮನೆಗಳಲ್ಲಿ ಎಷ್ಟು ಅಡಿಗೆ ನೀರು ಸಿಕ್ಕಿತು, ಕೇಸಿಂಗ್ ಎಷ್ಟು ಇಳಿಯಿತು ಎಂದು ವಿಚಾರಿಸಿ ಬರೆದುಕೊಳ್ಳಬೇಕು.

ಏರುದರದಲ್ಲಿ ಇನ್ನೊಂದು ತೊಡಕಿದೆ. ‘600 ಅಡಿ ದಾಟಿದರೆ 150 ರೂಪಾಯಿ’ ಎಂದಷ್ಟೇ ಬರೆದಿದ್ದರೆ, ಆ 150 ಯಾವುದಕ್ಕೆ? ಕೊನೆಯ ನೂರಡಿಗೋ, ಮೇಲಿನಿಂದ ಪೂರ್ತಿ 700 ಅಡಿಗೋ? ಪೂರ್ತಿಗೆ ಎಂದರೆ ಅದೇ ಬೋರಿಗೆ 1,05,000 ಆಗುತ್ತದೆ. ಒಂದು ವಾಕ್ಯ ಬಿಟ್ಟದ್ದಕ್ಕೆ 29,000 ರೂಪಾಯಿ ವ್ಯತ್ಯಾಸ. ‘ಆಯಾ ಹಂತದ ದರ ಆಯಾ ಹಂತದ ಅಡಿಗಳಿಗೆ ಮಾತ್ರ ಅನ್ವಯ’ ಎಂದು ನಾವೇ ಬರೆದು ಕಳಿಸುವುದು ಲೇಸು.

ಕೇಸಿಂಗ್ ಜಗಳದ ಮೂಲ. ಮೇಲಿನ ಮಣ್ಣು, ಕೊಳೆಗಲ್ಲು ಕುಸಿಯದಂತೆ ಗಟ್ಟಿ ಬಂಡೆ ಸಿಗುವವರೆಗೆ ಪೈಪು ಇಳಿಸಿ, ಬಂಡೆಯೊಳಗೆ ಕೆಲವು ಅಡಿ ಕೂರಿಸಬೇಕು. ಕಡಿಮೆ ಇಳಿಸಿದರೆ ಮಣ್ಣು ಜಾರಿ ನೀರು ಕೆಂಪಾಗುತ್ತದೆ. ಬೇಕಿಲ್ಲದೆ ಹೆಚ್ಚು ಇಳಿಸಿದರೆ ಬಿಲ್ಲು ಬೆಳೆಯುತ್ತದೆ. ಹಾಗಾಗಿ ಕೇಸಿಂಗಿಗೆ ಅಡಿ ದರದ ಜೊತೆ ಪೈಪಿನ ಕಂಪನಿ, ವ್ಯಾಸ, ಗೋಡೆಯ ದಪ್ಪ ಬರೆದು ಕೊಡುವಂತೆ ಕೇಳಬೇಕು. ಪಿವಿಸಿ ಆದರೆ ಐಎಸ್ 12818 ಗುರುತು ಇರಬೇಕು. ತೆಳು ಪೈಪಿನ ದರವನ್ನೂ ದಪ್ಪ ಪೈಪಿನ ದರವನ್ನೂ ಪಕ್ಕಪಕ್ಕ ಇಟ್ಟು ‘ಇವರು ಅಗ್ಗ’ ಎಂದರೆ ಆ ಹೋಲಿಕೆಗೆ ಅರ್ಥವಿಲ್ಲ.

ಇಷ್ಟನ್ನು ಒಂದೇ ಹಾಳೆಯ ಪತ್ರದಲ್ಲಿ ಬರೆದು ಎಲ್ಲರಿಗೂ ಅದನ್ನೇ ಕೊಡಬೇಕು. ಅದರ ನಡುಭಾಗ ಹೀಗಿರಬಹುದು:

“ಆರೂವರೆ ಇಂಚಿನ ಬೋರ್. ಹೋಲಿಕೆಗಾಗಿ 700 ಅಡಿ ಕೊರೆತ, 80 ಅಡಿ ಕೇಸಿಂಗ್ ಎಂದು ಹಿಡಿದು ದರ ತಿಳಿಸಿ. ಹಣ ಕೊಡುವುದು ನಿಜವಾಗಿ ಆದ ಅಳತೆಗೆ. ಲಾರಿ ಬಾಡಿಗೆ, ಡೀಸೆಲ್, ಬಾಟಾ, ಫ್ಲಶಿಂಗ್, ಬಾಯಿ ಮುಚ್ಚುವ ಕ್ಯಾಪ್ ದರದೊಳಗೆ ಸೇರಿವೆಯೋ ಇಲ್ಲವೋ ಒಂದೊಂದಾಗಿ ಬರೆಯಿರಿ. 700 ಅಡಿ ಮುಟ್ಟಿದ ಮೇಲೆ ಸಂಘದ ಪ್ರತಿನಿಧಿ ಒಪ್ಪದೆ ಮುಂದೆ ಕೊರೆಯುವಂತಿಲ್ಲ. ಹ್ಯಾಮರ್ ಅಥವಾ ರಾಡ್ ಒಳಗೆ ಸಿಕ್ಕಿಕೊಂಡರೆ ನಷ್ಟ ನಿಮ್ಮದು.”

ಕೊನೆಯ ಷರತ್ತಿಗೆ ಕೆಲವರು ಒಪ್ಪುವುದಿಲ್ಲ. ಒಪ್ಪದಿದ್ದರೆ ಒಪ್ಪುವುದಿಲ್ಲ ಎಂದೇ ಬರೆದು ಕೊಡಲಿ. ರಾತ್ರಿ ಎರಡು ಗಂಟೆಗೆ ರಿಗ್ ನಿಂತಾಗ ಆ ಚರ್ಚೆ ಶುರುವಾಗಬಾರದು. ಅನುಮತಿ ತರುವವರು ಯಾರು ಎಂಬುದೂ ಇದೇ ಹಾಳೆಗೆ ಸೇರಬೇಕು. ಕರ್ನಾಟಕದ 2011ರ ಅಂತರ್ಜಲ ಕಾಯ್ದೆಯಡಿ ಅಧಿಸೂಚಿತ ಪ್ರದೇಶಗಳಲ್ಲಿ ಅನುಮತಿ ಇಲ್ಲದೆ ಕೊರೆಸುವಂತಿಲ್ಲ. ಮಕ್ಕಳು ಬೋರಿಗೆ ಬಿದ್ದ ದುರಂತಗಳ ನಂತರ 2010ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದಂತೆ, ಕೊರೆಸುವ 15 ದಿನ ಮುಂಚೆ ಮಾಲೀಕರು ಸ್ಥಳೀಯ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು.

ಇನ್ನು ಹಣ. ಸರ್ಕಾರಿ ಟೆಂಡರಿನ ಹಾಗೆ ಕೊರೆತದ ದುಡ್ಡಿನಲ್ಲಿ ಹತ್ತು ಪರ್ಸೆಂಟ್ ಒಂದು ತಿಂಗಳು ಹಿಡಿದಿಡುತ್ತೇವೆ ಎಂದರೆ ಯಾವ ರಿಗ್ಗಿನವರೂ ಬರುವುದಿಲ್ಲ. ಬೆಳಗಾಗುವುದರೊಳಗೆ ಅವರ ಲಾರಿ ಇನ್ನೊಂದು ತಾಲ್ಲೂಕಿನಲ್ಲಿರುತ್ತದೆ. ನಮ್ಮ ಹಿಡಿತವೇನಿದ್ದರೂ ಲಾರಿ ಗೇಟು ದಾಟುವವರೆಗೆ. ಆದ್ದರಿಂದ ರಿಗ್ ಬಂದು ನಿಂತಾಗ ಸಣ್ಣ ಮುಂಗಡ. ಕೇಸಿಂಗ್ ಇಳಿದ ಮೇಲೆ ಅದರ ದುಡ್ಡು. ಉಳಿದದ್ದು ಸ್ಥಳದಲ್ಲೇ, ಆದರೆ ನಾಲ್ಕು ಕೆಲಸ ಮುಗಿದ ಮೇಲೆ: ರಾಡ್ ಎಣಿಕೆ, ಫ್ಲಶಿಂಗ್, ನೀರಿನ ಅಳತೆ, ಕ್ಯಾಪ್. ರಾಡುಗಳು ಸಾಮಾನ್ಯವಾಗಿ 20 ಅಡಿಯವು. ಒಂದನ್ನು ಟೇಪ್ ಹಿಡಿದು ಅಳೆದುಕೊಂಡು, ಮೇಲೆತ್ತುವಾಗ ಎಣಿಸಿದರೆ 35 ರಾಡಿಗೆ 700 ಅಡಿ. ಕೇಸಿಂಗನ್ನು ಮಾತ್ರ ಇಳಿಸುವ ಮೊದಲೇ ಅಳೆಯಬೇಕು, ನೆಲದೊಳಗೆ ಹೋದ ಪೈಪನ್ನು ಆಮೇಲೆ ಅಳೆಯಲಾಗದು.

ನೀರಿನ ಅಳತೆಯನ್ನು ‘ಎರಡು ಇಂಚು ನೀರು’ ಎಂದು ಹೇಳಿಸಿಕೊಂಡು ಹಣ ಕೊಡಬಾರದು. ವಿ ಆಕಾರದ ತೂಬಿನಲ್ಲಿ ಹರಿಯುವ ನೀರಿನ ಎತ್ತರವೇ ಈ ಇಂಚು. ತೊಂಬತ್ತು ಡಿಗ್ರಿಯ ತೂಬಿನಲ್ಲಿ ಒಂದಿಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್, ಎರಡಿಂಚು ಎಂದರೆ ಅದರ ಎರಡರಷ್ಟಲ್ಲ, ಸುಮಾರು 2,900 ಲೀಟರ್. ಒಂದೂವರೆಯನ್ನು ಎರಡು ಎಂದು ಕಣ್ಣಂದಾಜಿನಲ್ಲಿ ಹೇಳಿದರೂ ನೀರಿನ ಲೆಕ್ಕ ದುಪ್ಪಟ್ಟಾಗುತ್ತದೆ. 200 ಲೀಟರಿನ ಡ್ರಮ್ಮಿಗೆ ನೀರು ತಿರುಗಿಸಿ ಗಡಿಯಾರ ನೋಡಿದರೆ ಆಯಿತು: ನಿಜವಾದ ಎರಡಿಂಚು ನಾಲ್ಕು ನಿಮಿಷ ಚಿಲ್ಲರೆಯಲ್ಲಿ ತುಂಬಿಸುತ್ತದೆ.

ಅದೂ ಕಂಪ್ರೆಸರ್ ಗಾಳಿಯ ಒತ್ತಡಕ್ಕೆ ಚಿಮ್ಮಿದ ನೀರು. ದಿನವೂ ಅಷ್ಟೇ ಸಿಗುತ್ತದೆ ಎನ್ನಲಾಗದು. ಹಾಗಾಗಿ ಪಂಪು, ಕೇಬಲ್, ಪೈಪ್‌ಲೈನಿನ ಕೊಟೇಶನ್ನನ್ನು ಕೊರೆತದ ಜೊತೆ ಕಟ್ಟಬಾರದು. ಬೋರ್ ಕೊರೆಯುವ ಮುನ್ನವೇ ‘7.5 ಎಚ್‌ಪಿ ಮೋಟಾರ್ ಸಮೇತ ಇಷ್ಟು’ ಎಂದು ಬರೆದವರಿಗೆ ನೀರು ಎಷ್ಟಿದೆಯೆಂದು ಹೇಗೆ ಗೊತ್ತು? ನೀರಿಗಿಂತ ಮೋಟಾರ್ ದೊಡ್ಡದಾದರೆ ಅರ್ಧ ಗಂಟೆಗೆ ಬೋರ್ ಖಾಲಿ, ಒಣಗಿ ಓಡಿದ ಮೋಟಾರ್ ಸುಡುತ್ತದೆ. ಬಾಡಿಗೆ ಪಂಪು ಇಳಿಸಿ ಕೆಲವು ಗಂಟೆ ಓಡಿಸಿ, ನೀರಿನ ಮಟ್ಟ ಎಲ್ಲಿಗೆ ಇಳಿದು ನಿಲ್ಲುತ್ತದೆ ಎಂದು ನೋಡಿದ ಮೇಲೆ ಎರಡನೆಯ ಪತ್ರ ಬರೆಯಬೇಕು. ಇಲ್ಲಿ ಕಂತು ಕಟ್ಟುವುದು ಸುಲಭ, ಅಂಗಡಿಯವರು ಊರಲ್ಲೇ ಇರುತ್ತಾರೆ. ಸಾಮಾನು ಬಂದು ಬಿಲ್ಲು, ವಾರಂಟಿ ಕಾರ್ಡು ಕೈಗೆ ಸಿಕ್ಕಾಗ ಅರವತ್ತು ಪಾಲು. ಮೇಲಿನ ಟ್ಯಾಂಕಿಗೆ ನೀರು ಬಿದ್ದಾಗ ಮೂವತ್ತು. ತಿಂಗಳು ತೊಂದರೆಯಿಲ್ಲದೆ ಓಡಿದ ಮೇಲೆ ಉಳಿದ ಹತ್ತು.

ನೀರೇ ಬಾರದಿದ್ದರೆ? ಕೊರೆದ ಅಡಿಗೆ ಹಣ ಕೊಡಲೇಬೇಕು, ಆ ನಷ್ಟ ಕೊರೆಸಿದವರದೇ. ‘ನೀರು ಬಂದರೆ ಮಾತ್ರ ದುಡ್ಡು’ ಎನ್ನುವವರು ಆ ಅಪಾಯವನ್ನು ದರದಲ್ಲಿ ಸೇರಿಸಿಯೇ ಹೇಳಿರುತ್ತಾರೆ. ಆದರೆ ಬರಡು ಬೋರನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲು ತುಂಬಿ ಮುಚ್ಚಲೇಬೇಕು. ಆ ಕೆಲಸಕ್ಕೂ ಒಂದು ದರವನ್ನು ಮೊದಲ ಪತ್ರದಲ್ಲೇ ಕೇಳಿಡಿ. ಕೇಸಿಂಗ್ ಹೊರಗೆಳೆದುಕೊಂಡು ಹೋಗುತ್ತೇವೆ ಎಂದರೆ ಅದನ್ನು ಯಾವ ಬೆಲೆಗೆ ವಾಪಸ್ ಪಡೆಯುತ್ತಾರೆ, ಬಾಯಿ ಮುಚ್ಚುವವರೆಗೆ ಅಲ್ಲಿ ಯಾರು ಇರುತ್ತಾರೆ ಎಂಬುದನ್ನೂ ಅದರ ಕೆಳಗೇ ಬರೆಸಿಕೊಳ್ಳಿ.